ಮೈಲುತುತ್ತದ ನೀಲಿ, ಅನ್ನಭೇದಿಯ ಸೆಳೆತ

ಕೆಲವು ದಿನಗಳ ಕೆಳಗೆ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ತಾವು ಕನ್ನಡದಲ್ಲಿ ಬರೆದ ಒಂದು ಪಾಠದ ಹಸ್ತಪ್ರತಿಯನ್ನು ನನ್ನ ಕೈಗಿತ್ತು, “ಭಾಷೆಯನ್ನು ಸ್ವಲ್ಪ ನೋಡಿಕೊಡಿ, ವಿಷಯದ ಗೊಡವೆ ನಿಮಗೆ ಬೇಡ” ಎಂದರು. ಪಾಠದ ತಲೆಬರಹ ‘ಸ್ಫಟಿಕ ಕ್ಷೇತ್ರ ವಿದಳನ’ ಎಂದಿತ್ತು. ಮೊದಲ ಪುಟದಲ್ಲೇ ನಾನು ತೊಡಕಿಗೆ ಸಿಕ್ಕಿಕೊಂಡೆ. ಈ ಸಮಾಸವನ್ನು ಬಿಡಿಸುವುದು ಹೇಗೆ? ಕ್ಷೇತ್ರದ ವಿದಳನ ಎಂದು ಬಿಡಿಸಿದರೆ ಷಷ್ಠೀ ತತ್ಪುರುಷ, ಸೀಳಿಹೋಗುವುದು ಕ್ಷೇತ್ರ. ಕ್ಷೇತ್ರದಿಂದ ವಿದಳನ ಎಂದು ಬಿಡಿಸಿದರೆ ತೃತೀಯಾ ತತ್ಪುರುಷ, ಆಗ ಸೀಳಿಹೋಗುವುದು ಬೇರೇನೋ. ಒಂದು ವಿಭಕ್ತಿಯ ವ್ಯತ್ಯಾಸದಿಂದ ಶಾಸ್ತ್ರವೇ ತಲೆಕೆಳಗಾಗುವ ಸಂದರ್ಭವಿದು. ಸಾಲದ್ದಕ್ಕೆ ‘ವಿದಳನ’ ಎಂದೊಡನೆ ಇಂದಿನ ಓದುಗನಿಗೆ ನೆನಪಾಗುವುದು ಪರಮಾಣು ಬಾಂಬು. ವಿಷಯದ ಗೊಡವೆ ಬೇಡವೆಂದರೆ ಹೇಗೆ? ಮಿತ್ರರನ್ನು ಹಿಡಿದುಕೊಂಡು ಪ್ರಯೋಗಶಾಲೆಗೆ ಹೋದೆ.

ಅವರು ಮಾತಾಡದೆ ಕಪಾಟಿನಿಂದ ಒಂದು ಸೀಸೆ ತೆಗೆದರು. ಅದರಲ್ಲಿದ್ದದ್ದು ಮೈಲುತುತ್ತ. ಮಲೆನಾಡಿನ ಅಡಕೆ ತೋಟದವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಕೊಳೆರೋಗ ಬಾರದಂತೆ ಇದನ್ನು ಸುಣ್ಣದೊಡನೆ ಕಲಸಿ ಗೊನೆಗಳಿಗೆ ಹೊಡೆಯುವುದು ಅಲ್ಲಿ ಪ್ರತಿ ಮಳೆಗಾಲದ ಕೆಲಸ. ಸಂಸ್ಕೃತದಲ್ಲಿ ಇದಕ್ಕೆ ಮಯೂರತುತ್ಥವೆಂದು ಹೆಸರು. ನವಿಲ ಕೊರಳಿನ ನೀಲಿಯನ್ನು ಕಂಡೇ ಇಟ್ಟ ಹೆಸರಿರಬೇಕು. (ನವಿಲಿನ ನೀಲಿಗೆ ಕಾರಣ ಮಾತ್ರ ಬೇರೆ. ಅಲ್ಲಿ ಬಣ್ಣದ ದ್ರವ್ಯಕ್ಕಿಂತ ಗರಿಯೊಳಗಿನ ಅತಿಸೂಕ್ಷ್ಮ ರಚನೆಯೇ ಬೆಳಕನ್ನು ಆರಿಸಿ ಹಿಂದಿರುಗಿಸುತ್ತದೆ.) ಮಿತ್ರರು ನಾಲ್ಕು ಹರಳುಗಳನ್ನು ಪ್ರನಾಳದಲ್ಲಿ ಹಾಕಿ ಉರಿಯ ಮೇಲೆ ಹಿಡಿದರು. ಹರಳು ಚಟಗುಟ್ಟಿತು, ಕೊಳವೆಯ ಬಾಯಲ್ಲಿ ನೀರಹನಿ ಕಟ್ಟಿತು, ನೀಲಿ ಮಾಸುತ್ತ ಬಂದು ಕೊನೆಗೆ ಬೂದುಬಿಳುಪಿನ ಪುಡಿ ಉಳಿಯಿತು. ಅದು ಆರಿದ ಮೇಲೆ ಎರಡು ತೊಟ್ಟು ನೀರು ಬಿಟ್ಟರು. ಹೋದ ನೀಲಿ ಹಾಗೆಯೇ ಹಿಂದಿರುಗಿತು. ಇನ್ನಷ್ಟು ನೀರಿನಲ್ಲಿ ಕರಗಿಸಿ ಅಮೋನಿಯ ದ್ರಾವಣವನ್ನು ಸುರಿದಾಗ ಮೊದಲು ತಿಳಿನೀಲಿಯ ಗಸಿಯೊಂದು ಕಾಣಿಸಿಕೊಂಡಿತು. ಮತ್ತಷ್ಟು ಸುರಿದಾಗ ಆ ಗಸಿ ಕರಗಿ, ಮಸಿಯ ಕುಡಿಕೆಯನ್ನು ನೆನಪಿಗೆ ತರುವ ಗಾಢವಾದ ನೇರಳೆನೀಲಿ ಎದ್ದಿತು.

ತಾಮ್ರ ಮೂರೂ ಕಡೆ ಅದೇ ತಾಮ್ರ. ಎರಡು ಎಲೆಕ್ಟ್ರಾನು ಕಳೆದುಕೊಂಡ ಅಯಾನು. ಬದಲಾದದ್ದು ಅದರ ಸುತ್ತ ನಿಂತವರು ಮಾತ್ರ. ಹರಳಿನಲ್ಲಿ ಪ್ರತಿಯೊಂದು ತಾಮ್ರದ ಅಯಾನನ್ನೂ ನಾಲ್ಕು ನೀರಿನ ಅಣುಗಳೂ, ಸ್ವಲ್ಪ ದೂರದಿಂದ ಸಲ್ಫೇಟಿನ ಎರಡು ಆಕ್ಸಿಜನ್ನುಗಳೂ ಸುತ್ತುವರಿದಿರುತ್ತವೆ. ಕಾಸಿದಾಗ ನೀರು ಹೊರಟುಹೋಗಿ ಸಲ್ಫೇಟಿನ ಆಕ್ಸಿಜನ್ನುಗಳಷ್ಟೇ ಉಳಿಯುತ್ತವೆ. ಅಮೋನಿಯ ಬಂದಾಗ ನಾಲ್ಕು ನೀರಿನ ಜಾಗದಲ್ಲಿ ನಾಲ್ಕು ಅಮೋನಿಯ ನಿಲ್ಲುತ್ತವೆ. ಹೀಗೆ ಲೋಹದ ಸುತ್ತ ನಿಲ್ಲುವ ಪರಿವಾರಕ್ಕೆ ಶಾಸ್ತ್ರದಲ್ಲಿ ಲಿಗ್ಯಾಂಡುಗಳೆಂದು ಹೆಸರು. ಇಂಥ ಸಂಕೀರ್ಣ ಸಂಯುಕ್ತಗಳ ಆಕಾರವನ್ನು ತರ್ಕದಿಂದಲೇ ನಿರ್ಣಯಿಸಿದ ಆಲ್ಫ್ರೆಡ್ ವೆರ್ನರ್ 1913ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಆದರೆ ನೆರೆಯವರು ಬದಲಾದರೆ ಬಣ್ಣವೇಕೆ ಬದಲಾಗಬೇಕೆಂಬುದು ಆಗ ಬಗೆಹರಿದಿರಲಿಲ್ಲ.

ಅದನ್ನು ಬಿಡಿಸುವ ಕೀಲಿಕೈ 1929ರಲ್ಲಿ ಹ್ಯಾನ್ಸ್ ಬೆಥೆ ಎಂಬ ತರುಣ ಭೌತವಿಜ್ಞಾನಿಯ ಕೈಗೆ ಸಿಕ್ಕಿತು. ಅವನ ಪ್ರಶ್ನೆ ಬಣ್ಣದ್ದಲ್ಲ. ಹರಳಿನೊಳಗೆ ಕುಳಿತ ಅಯಾನಿಗೆ ಸುತ್ತಣ ಆವೇಶಗಳಿಂದ ಏನಾಗುತ್ತದೆ ಎಂಬುದಷ್ಟೇ ಅವನ ಲೆಕ್ಕ. ಆ ಸುತ್ತಣ ವಿದ್ಯುತ್ಪ್ರಭಾವವೇ ‘ಸ್ಫಟಿಕ ಕ್ಷೇತ್ರ’. ದ್ರಾವಣದಲ್ಲಿ ಸ್ಫಟಿಕವೆಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳುವುದುಂಟಂತೆ. ಕೇಳತಕ್ಕದ್ದೇ. ಹುಟ್ಟಿದ ಮನೆಯ ಹೆಸರು ಮದುವೆಯಾದ ಮೇಲೂ ಉಳಿದಂತೆ ಈ ಹೆಸರು ಉಳಿದುಕೊಂಡಿದೆ. ಅಯಾನನ್ನು ಒತ್ತಿ ನಿಂತ ನಾಲ್ಕಾರು ನೆರೆಯವರಿದ್ದರೆ ಸಾಕು, ಅದು ಹರಳೇ ಆಗಬೇಕಾಗಿಲ್ಲ.

ಈಗ ಸೀಳುವುದೇನೆಂದು ನೋಡೋಣ. ತಾಮ್ರ, ಕಬ್ಬಿಣ, ಕೋಬಾಲ್ಟ್ ಮೊದಲಾದ ಲೋಹಗಳ ಅಯಾನುಗಳಲ್ಲಿ ಹೊರಭಾಗದ ಎಲೆಕ್ಟ್ರಾನುಗಳಿಗೆ ಡಿ ಎಂಬ ಐದು ಕಕ್ಷಕಗಳಿವೆ. ಕಕ್ಷಕವೆಂದರೆ ಎಲೆಕ್ಟ್ರಾನು ಇರಬಹುದಾದ ಎಡೆ. ಒಂದೊಂದರಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಅಯಾನು ಒಂಟಿಯಾಗಿದ್ದಾಗ ಐದಕ್ಕೂ ಒಂದೇ ಶಕ್ತಿ, ಒಂದೇ ಅಂತಸ್ತು. ಇನ್ನು ಆ ಅಯಾನಿನ ಸುತ್ತ ಆರು ಲಿಗ್ಯಾಂಡುಗಳು ಬಂದು ನಿಂತವೆನ್ನಿ: ನಾಲ್ಕು ದಿಕ್ಕುಗಳಲ್ಲಿ ನಾಲ್ಕು, ಮೇಲೊಂದು, ಕೆಳಗೊಂದು. ಲಿಗ್ಯಾಂಡು ಲೋಹದತ್ತ ಚಾಚುವುದು ತನ್ನ ಋಣಾವೇಶದ ಮುಖವನ್ನೇ. ಐದು ಕಕ್ಷಕಗಳಲ್ಲಿ ಎರಡು ನೇರವಾಗಿ ಈ ಲಿಗ್ಯಾಂಡುಗಳತ್ತ ಕೈಚಾಚಿವೆ. ಉಳಿದ ಮೂರು ದಿಕ್ಕುಗಳ ನಡುವಣ ಮೂಲೆಗಳತ್ತ ಚಾಚಿವೆ. ಋಣ ಋಣವನ್ನು ದೂಡುವುದಷ್ಟೆ? ಆದ್ದರಿಂದ ನೇರ ಚಾಚಿದ ಎರಡರಲ್ಲಿ ಎಲೆಕ್ಟ್ರಾನು ಇರುವುದು ಹೆಚ್ಚು ತ್ರಾಸದ್ದು, ಅವು ಮೇಲಿನ ಅಂತಸ್ತಿಗೆ ಏರುತ್ತವೆ. ಮೂಲೆಯ ಮೂರು ಕೆಳಗೆ ಇಳಿಯುತ್ತವೆ. ಒಂದಾಗಿದ್ದ ಮಟ್ಟ ಎರಡಾಯಿತು. ಸೀಳಿದ್ದು ಕ್ಷೇತ್ರವಲ್ಲ, ಕ್ಷೇತ್ರದಿಂದ ಡಿ ಮಟ್ಟ. ನನ್ನ ತೃತೀಯಾ ವಿಭಕ್ತಿ ಗೆದ್ದಿತು!

ಎರಡು ಅಂತಸ್ತುಗಳ ನಡುವಿನ ಅಂತರವೇ ಬಣ್ಣದ ಗುಟ್ಟು. ಕೆಳಗಿನ ಎಲೆಕ್ಟ್ರಾನು ಮೇಲೇರಬೇಕಾದರೆ ಆ ಅಂತರಕ್ಕೆ ಸರಿಹೊಂದುವ ಬೆಳಕನ್ನು ನುಂಗಬೇಕು. ನುಂಗದೆ ಉಳಿದ ಬೆಳಕೇ ನಮ್ಮ ಕಣ್ಣಿಗೆ ಬಣ್ಣ. ನೀರು ಸುತ್ತುವರಿದ ತಾಮ್ರ ಅತಿ ಹೆಚ್ಚಾಗಿ ನುಂಗುವುದು ಕೆಂಪಿನಾಚೆ, ಸುಮಾರು 800 ನ್ಯಾನೊಮೀಟರ್ ಅಲೆಯುದ್ದದ ಕಡೆಗೆ. ಅದರ ಅಂಚು ಕೆಂಪು ಬೆಳಕಿನೊಳಕ್ಕೆ ಹರಡಿರುವುದರಿಂದ ಕೆಂಪು ಕಳೆದು ತಿಳಿನೀಲಿ ಉಳಿಯುತ್ತದೆ. ಅಮೋನಿಯ ನೀರಿಗಿಂತ ಬಲವಾಗಿ ಸೀಳುತ್ತದೆ. ಅಂತರ ಹಿಗ್ಗಿ, ನುಂಗುವ ಬೆಳಕು 600ರ ಹತ್ತಿರಕ್ಕೆ ಸರಿಯುತ್ತದೆ. ಕಿತ್ತಳೆ ಹಳದಿಗಳೂ ಹೋಗಿ ನೇರಳೆನೀಲಿ ಉಳಿಯುತ್ತದೆ. ಸಲ್ಫೇಟಿನ ಹಿಡಿತವಾದರೋ ದುರ್ಬಲ. ಅಂತರ ಕುಗ್ಗಿ, ನುಂಗುವಿಕೆ ಕಣ್ಣಿಗೆ ಕಾಣದ ಅವಕೆಂಪಿಗೆ ಜಾರಿಹೋಗುತ್ತದೆ. ಕಾಣುವ ಬೆಳಕೆಲ್ಲ ಹೆಚ್ಚುಕಡಮೆ ಹಾಗೇ ಹಿಂದಿರುಗುವುದರಿಂದ ಪುಡಿ ಬಿಳಿದು.

ಇಷ್ಟರಲ್ಲಿ ನಾನು ತೃಪ್ತನಾಗಿದ್ದೆ. ಮಿತ್ರರು ಬಿಡಲಿಲ್ಲ. “ಬಣ್ಣ ಒಂದು ಸಾಕ್ಷಿ ಮಾತ್ರ, ಇನ್ನೊಂದು ಸಾಕ್ಷಿ ಬೇಡವೆ?” ಎಂದು ಎರಡು ಪ್ರನಾಳಗಳನ್ನು ದಾರದಲ್ಲಿ ತೂಗುಬಿಟ್ಟರು. ಒಂದರಲ್ಲಿ ತಿಳಿಹಸಿರಿನ ಅನ್ನಭೇದಿ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಬೆರೆಸಿ ಮಸಿ ಮಾಡುತ್ತಿದ್ದ ಅದೇ ಅನ್ನಭೇದಿ. ಇನ್ನೊಂದರಲ್ಲಿ ಪೊಟ್ಯಾಸಿಯಂ ಫೆರೊಸಯನೈಡಿನ ಹಳದಿ ಹರಳು. ಎರಡರಲ್ಲೂ ಇರುವುದು ಎರಡೆಲೆಕ್ಟ್ರಾನು ಕಳೆದುಕೊಂಡ ಕಬ್ಬಿಣವೇ. ನಿಯೋಡಿಮಿಯಂ ಬೆರೆತ ಬಲವಾದ ಅಯಸ್ಕಾಂತವನ್ನು ಹತ್ತಿರ ತಂದಾಗ ಅನ್ನಭೇದಿಯ ಪ್ರನಾಳ ಮೆಲ್ಲನೆ ಅದರತ್ತ ವಾಲಿತು. ಹಳದಿ ಹರಳಿನ ಪ್ರನಾಳ ಅಲುಗಲೇ ಇಲ್ಲ. ಕಬ್ಬಿಣವಿದ್ದೂ ಅಯಸ್ಕಾಂತಕ್ಕೆ ಒಲಿಯದ ಕಬ್ಬಿಣ! ಪುರಾಣದಲ್ಲಿ ಓದಿದ್ದರೆ ಕವಿಸಮಯವೆಂದುಕೊಳ್ಳುತ್ತಿದ್ದೆ.

ಪ್ರತಿಯೊಂದು ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ. ಒಂದೇ ಕಕ್ಷಕದಲ್ಲಿ ಇಬ್ಬರು ಜೋಡಿಯಾದರೆ ಒಬ್ಬರ ಕಾಂತತ್ವ ಇನ್ನೊಬ್ಬರದನ್ನು ಅಳಿಸುತ್ತದೆ. ಒಂಟಿಯಾಗಿ ಉಳಿದವರಷ್ಟೇ ಹೊರಗಿನ ಸೆಳೆತಕ್ಕೆ ಓಗೊಡುವವರು. ಈ ಕಬ್ಬಿಣದಲ್ಲಿ ಡಿ ಎಲೆಕ್ಟ್ರಾನುಗಳು ಆರು. ಅವು ಹಂಚಿ ಕುಳಿತುಕೊಳ್ಳುವುದರಲ್ಲಿ ಎರಡು ಬಗೆಯ ಖರ್ಚಿದೆ: ಮೇಲಂತಸ್ತಿಗೆ ಏರುವ ಖರ್ಚು ಒಂದು, ಇಬ್ಬರು ಒಂದೆಡೆ ಒತ್ತರಿಸಿಕೊಂಡು ಜೋಡಿಯಾಗುವ ಖರ್ಚು ಇನ್ನೊಂದು. ಜೋಡಿಯಾಗುವ ಖರ್ಚು ಈ ಕಬ್ಬಿಣಕ್ಕೆ ಮೋಲಿಗೆ ಸುಮಾರು 210 ಕಿಲೋಜೌಲ್. ಅನ್ನಭೇದಿಯಲ್ಲಿ ಕಬ್ಬಿಣವನ್ನು ಸುತ್ತುವರಿದಿರುವುದು ಆರು ನೀರಿನ ಅಣುಗಳು (ಸೂತ್ರದಲ್ಲಿ ಏಳಿದ್ದರೂ ಏಳನೆಯದು ದೂರದಲ್ಲಿದೆ). ಅಲ್ಲಿ ಅಂತಸ್ತುಗಳ ಅಂತರ ಸುಮಾರು 125. ಕೆಳಗಿನ ಮೂರು ಎಡೆಗಳಲ್ಲಿ ಮೂವರು ಕುಳಿತ ಮೇಲೆ ಉಳಿದ ಮೂವರಲ್ಲಿ ಒಬ್ಬ ಹೇಗೂ ಜೋಡಿಯಾಗಲೇಬೇಕು. ಪ್ರಶ್ನೆ ಇರುವುದು ಇನ್ನಿಬ್ಬರದು. ಅವರು ಏರಿದರೆ ಖರ್ಚು 250, ಕೆಳಗೇ ಜೋಡಿಯಾದರೆ 420. ಏರುವುದೇ ಅಗ್ಗ, ಏರುತ್ತಾರೆ. ಹೀಗೆ ನಾಲ್ವರು ಒಂಟಿಗರು ಉಳಿದು ಪ್ರನಾಳ ವಾಲುತ್ತದೆ. ಸಯನೈಡಿನ ಹಿಡಿತದಲ್ಲಿ ಅಂತರ ಸುಮಾರು 390. ಏರಿದರೆ 780, ಜೋಡಿಯಾದರೆ ಅದೇ 420. ಆರು ಜನವೂ ಕೆಳಗಿನ ಮೂರು ಎಡೆಗಳಲ್ಲಿ ಇಬ್ಬಿಬ್ಬರಾಗಿ ಅಡಗುತ್ತಾರೆ. ಒಂಟಿಯೆಂಬವನೇ ಇಲ್ಲ, ಸೆಳೆತವೂ ಇಲ್ಲ.

ಬಣ್ಣವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಅನ್ನಭೇದಿಯ ಸಣ್ಣ ಅಂತರ ಅವಕೆಂಪಿನಲ್ಲಿ ನುಂಗಿ ಕೆಂಪಿನ ಅಂಚನ್ನಷ್ಟೇ ಮುಟ್ಟುವುದರಿಂದ ಅದು ಬಲು ತೆಳುಹಸಿರು. ಫೆರೊಸಯನೈಡಿನ ದೊಡ್ಡ ಅಂತರ ಅತಿನೇರಳೆಯಲ್ಲಿ ನುಂಗುತ್ತದೆ. ಅದರ ಬಾಲ ನೇರಳೆಯನ್ನು ಕೊಂಚ ಕದಿಯುವುದರಿಂದ ಹಳದಿ. ಪ್ರಯೋಗ ಮಾಡುವವರು ಒಂದನ್ನು ನೋಡಿಕೊಳ್ಳಬೇಕು. ಹಳೆಯ ಅನ್ನಭೇದಿ ಗಾಳಿಗೆ ಕಂದುಬಣ್ಣ ತಿರುಗಿದ್ದರೆ ಅದರ ಕಬ್ಬಿಣ ಇನ್ನೊಂದು ಎಲೆಕ್ಟ್ರಾನನ್ನೂ ಕಳೆದುಕೊಂಡಿರುತ್ತದೆ. ಆಗಲೂ ಪ್ರನಾಳ ವಾಲುತ್ತದೆ, ಆದರೆ ಮೇಲಿನ ಲೆಕ್ಕ ಅದಕ್ಕೆ ಸಲ್ಲದು. ಹಸಿರು ಹರಳನ್ನೇ ಆರಿಸಬೇಕು. ಹಳದಿ ಹರಳಿಗೆ ಆಮ್ಲವನ್ನಂತೂ ಸೋಕಿಸಕೂಡದು. ವಿಷದ ಅನಿಲ ಹೊರಡುವ ಭಯವುಂಟು.

ಇಷ್ಟು ಸೊಗಸಾದ ಸಿದ್ಧಾಂತಕ್ಕೂ ಒಂದು ಮೇರೆಯಿದೆ. ಕಂಡ ಕಂಡ ಬಣ್ಣಕ್ಕೆಲ್ಲ ಇದನ್ನು ಹಚ್ಚುವಂತಿಲ್ಲ. ಬಾವಿಗೆ ಹಾಕುವ ಪರ್ಮಾಂಗನೇಟಿನ ಮ್ಯಾಂಗನೀಸಿನಲ್ಲಿ ಡಿ ಎಲೆಕ್ಟ್ರಾನೇ ಇಲ್ಲ, ಏರುವವರಾರು? ಆದರೂ ಒಂದು ಚಿಟಿಕೆ ಕೊಡದ ನೀರನ್ನೆಲ್ಲ ನೇರಳೆಯಾಗಿಸುತ್ತದೆ. ಅಲ್ಲಿ ಎಲೆಕ್ಟ್ರಾನು ಆಕ್ಸಿಜನ್ನಿನಿಂದ ಲೋಹಕ್ಕೇ ಹಾರುತ್ತದೆ. ಆದ್ದರಿಂದಲೇ ಆ ಗಾಢತೆ. ಅದಕ್ಕಿಂತ ಮೂಲದಲ್ಲೇ ಒಂದು ತೊಡಕುಂಟು. ಬೆಥೆಯ ಲೆಕ್ಕದಂತೆ ಲಿಗ್ಯಾಂಡುಗಳು ಬರಿಯ ಆವೇಶದ ಬಿಂದುಗಳಾಗಿದ್ದರೆ ಋಣಾವೇಶವುಳ್ಳ ಫ್ಲೂರೈಡು ಬಲವಾಗಿ ಸೀಳಬೇಕಾಗಿತ್ತು. ಅದು ನೀರಿಗಿಂತ ದುರ್ಬಲ. ಯಾವ ಆವೇಶವೂ ಇಲ್ಲದ ಕಾರ್ಬನ್ ಮಾನಾಕ್ಸೈಡು ಅತಿ ಬಲಶಾಲಿಗಳ ಸಾಲಿನಲ್ಲಿದೆ. ಲೋಹವೂ ಲಿಗ್ಯಾಂಡೂ ದೂರ ನಿಂತು ಬರಿದೆ ದೂಡಾಡುವುದಿಲ್ಲ, ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ ಎಂದು ಒಪ್ಪಿದ ಮೇಲೆಯೇ ಇದು ಬಗೆಹರಿಯುತ್ತದೆ. ಎರಡಾಗಿ ಸೀಳಿದ ಮಟ್ಟಗಳ ಚಿತ್ರ ಅಲ್ಲಿಯೂ ನಿಲ್ಲುತ್ತದೆ. ಸೀಳಿಗೆ ಕೊಡುವ ಕಾರಣ ಮಾತ್ರ ಬೇರೆಯಾಗುತ್ತದೆ.

ಹಸ್ತಪ್ರತಿಯನ್ನು ಹಿಂದಿರುಗಿಸುವಾಗ ತಲೆಬರಹವನ್ನು ಹೊಡೆದು ‘ಸ್ಫಟಿಕ ಕ್ಷೇತ್ರದಿಂದ ಡಿ ಮಟ್ಟದ ಸೀಳಿಕೆ’ ಎಂದು ಬರೆದೆ. “ಉದ್ದವಾಯಿತಲ್ಲ ಸ್ವಾಮಿ” ಎಂದು ಮಿತ್ರರು ಗೊಣಗಿದರು. ‘ಇಂದ’ ಎಂಬ ಎರಡಕ್ಷರವನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ.