ಕಿರ್ದಿ ಬರೆದರೆ ಸಾಕು, ಖತಾವಣಿ ಶೀಟಿನ ಕೆಲಸ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಿರಾಣಿ ಅಂಗಡಿಗಳಲ್ಲಿ ಉದ್ರಿ ವ್ಯವಹಾರವು ಬಹುಮಟ್ಟಿಗೆ ಬೆಳೆಯ ಕಾಲವನ್ನೇ ಹಿಂಬಾಲಿಸುತ್ತದೆ. ಮುಂಗಾರಿನಲ್ಲಿ ಗೋವಿನಜೋಳ ಬಿತ್ತುವಾಗ ರೈತನ ಕೈಯಲ್ಲಿರುವ ಹಣ ಬೀಜ ಗೊಬ್ಬರಗಳಿಗೆ ಹೋಗುವುದರಿಂದ ಮನೆಯ ಸಂತೆ ಉದ್ರಿಯ ಮೇಲೆ ನಡೆಯುತ್ತದೆ, ಮಾಲು ಮಾರಿದ ನಂತರ ಜಮಾ ಬರುತ್ತದೆ. ಹೀಗೆ ತಿಂಗಳುಗಟ್ಟಲೆ ಬೆಳೆಯುವ ಬಾಕಿಯನ್ನು ಮೊಬೈಲು ಅಥವಾ ಕಂಪ್ಯೂಟರಿನ ಶೀಟಿನಲ್ಲಿ ಇಡಲು ಹೊರಟ ಅಂಗಡಿಕಾರರು ಸಾಮಾನ್ಯವಾಗಿ ಗಿರಾಕಿಗಳ ಹೆಸರುಗಳನ್ನು ಸಾಲಾಗಿ ಬರೆದು, ಪ್ರತಿ ಹೆಸರಿನ ಮುಂದೆ ಬಾಕಿಯ ಮೊತ್ತವನ್ನು ಇಟ್ಟು, ಉದ್ರಿ ಹೋದಾಗಲೂ ಜಮಾ ಬಂದಾಗಲೂ ಅದೇ ಅಂಕಿಯನ್ನು ಅಳಿಸಿ ತಿದ್ದುತ್ತಾರೆ. ಇದು ನೋಡಲು ಸರಳವಾಗಿದ್ದರೂ, ಗಿರಾಕಿಯು "ಇಷ್ಟು ಹೆಂಗಾತು?" ಎಂದು ಕೇಳಿದ ದಿನ ಈ ಶೀಟು ಉತ್ತರ ಕೊಡಲಾರದು, ಏಕೆಂದರೆ ಆ ಮೊತ್ತ ಬೆಳೆದು ಬಂದ ದಾರಿಯೆಲ್ಲ ಅಳಿಸಿಹೋಗಿರುತ್ತದೆ.

ಹಳೆಯ ವರ್ತಕರು ಈ ತಪ್ಪನ್ನು ಮಾಡುತ್ತಿರಲಿಲ್ಲ. ಅವರ ಗದ್ದುಗೆಯ ಮೇಲೆ ಎರಡು ಪುಸ್ತಕಗಳಿರುತ್ತಿದ್ದವು. ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲೇ, ದಿನಾಂಕದೊಂದಿಗೆ ಬರೆಯುವ ದಿನವಹಿಗೆ ಕಿರ್ದಿ ಎಂದೂ, ಅದರಿಂದ ಒಬ್ಬೊಬ್ಬ ಗಿರಾಕಿಯ ಬಾಬತ್ತನ್ನು ಹೆಕ್ಕಿ ಅವನವನ ಪುಟಕ್ಕೆ ಏರಿಸುವ ಪುಸ್ತಕಕ್ಕೆ ಖತಾವಣಿ ಎಂದೂ ಹೆಸರು. ಕಿರ್ದಿಯು ಕಾಲದ ಕ್ರಮದಲ್ಲಿದ್ದರೆ ಖತಾವಣಿಯು ವ್ಯಕ್ತಿಯ ಕ್ರಮದಲ್ಲಿರುತ್ತದೆ. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಾಚೋಲಿ ಎಂಬ ಸಂನ್ಯಾಸಿ ಗಣಿತಜ್ಞನು ಅಲ್ಲಿನ ವರ್ತಕರ ಲೆಕ್ಕದ ಪದ್ಧತಿಯನ್ನು ಅಚ್ಚು ಹಾಕಿಸಿದಾಗ ವಿವರಿಸಿದ್ದು ಮೂರು ಪುಸ್ತಕಗಳನ್ನು: ಮೊದಲನೆಯದು ಕಚ್ಚಾ ಟಿಪ್ಪಣಿಯ ಪುಸ್ತಕ, ಉಳಿದೆರಡು ಈ ಕಿರ್ದಿ ಮತ್ತು ಖತಾವಣಿಗಳಿಗೆ ಸಮಾನವಾದವು. ಅವನು ಈ ಪದ್ಧತಿಯನ್ನು ಕಂಡುಹಿಡಿದವನಲ್ಲ, ಬಳಕೆಯಲ್ಲಿದ್ದುದನ್ನು ಬರೆದಿಟ್ಟವನು ಎಂಬುದನ್ನು ಹಲವು ಪಠ್ಯಪುಸ್ತಕಗಳು ಮರೆಯುತ್ತವೆ. ಈ ಪದ್ಧತಿಯಲ್ಲಿ ಬೇಸರದ ಭಾಗವೆಂದರೆ ಕಿರ್ದಿಯಿಂದ ಖತಾವಣಿಗೆ ಏರಿಸುವ ಕೆಲಸ, ತಪ್ಪುಗಳು ನುಸುಳುತ್ತಿದ್ದುದೂ ಅಲ್ಲಿಯೇ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಎಂಬ ತಂತ್ರಾಂಶದಿಂದ ಜನಪ್ರಿಯವಾದ ಶೀಟಿನ ವಿಶೇಷವು, ಒಂದು ಅಂಕಿ ಬದಲಾದೊಡನೆ ಅದನ್ನು ಅವಲಂಬಿಸಿದ ಅಂಕಿಗಳೆಲ್ಲ ತಾವಾಗಿಯೇ ಬದಲಾಗುವುದು. ಆದುದರಿಂದ ಇಂದಿನ ಅಂಗಡಿಕಾರನು ಕಿರ್ದಿಯನ್ನು ಮಾತ್ರ ಬರೆದು, ಖತಾವಣಿಯನ್ನು ಸೂತ್ರಕ್ಕೆ ಬಿಡಬಹುದು.

ಇದಕ್ಕೆ ಒಂದೇ ಕಡತದಲ್ಲಿ ಎರಡು ಶೀಟುಗಳು ಸಾಕು. "ಕಿರ್ದಿ" ಎಂಬ ಮೊದಲನೆಯದರಲ್ಲಿ A ಇಂದ E ವರೆಗೆ ಐದು ಕಂಬಸಾಲುಗಳಿದ್ದು, ಅವು ಕ್ರಮವಾಗಿ ದಿನಾಂಕ, ಖಾತೆ ಸಂಖ್ಯೆ, ವಿವರ, ಉದ್ರಿ, ಜಮಾ. ಒಂದು ವ್ಯವಹಾರಕ್ಕೆ ಒಂದು ಸಾಲು. ರೊಕ್ಕ ಕೊಟ್ಟು ಒಯ್ದ ಮಾಲಿಗೆ ಇಲ್ಲಿ ಜಾಗವಿಲ್ಲ. "ಗಿರಾಕಿ" ಎಂಬ ಎರಡನೆಯ ಶೀಟಿನ A ಯಲ್ಲಿ ಖಾತೆ ಸಂಖ್ಯೆ, B ಯಲ್ಲಿ ಹೆಸರು ಮತ್ತು ಊರು, C ಯಲ್ಲಿ ಬಾಕಿ ಇರಬೇಕು. ಹೆಸರಿನ ಬದಲು ಸಂಖ್ಯೆಯನ್ನು ಬಳಸುವುದಕ್ಕೆ ಕಾರಣವಿದೆ: ಒಂದೇ ಊರಿನಲ್ಲಿ ಹಲವು ಬಸವರಾಜರಿರುತ್ತಾರೆ, ಅದಲ್ಲದೆ ಒಬ್ಬನನ್ನೇ ಇಂದು ಬಸವರಾಜ, ನಾಳೆ ಬಸಣ್ಣ ಎಂದು ಬರೆದರೆ ಶೀಟಿನ ಪಾಲಿಗೆ ಅವರು ಇಬ್ಬರಾಗುತ್ತಾರೆ. C2 ಮನೆಯಲ್ಲಿ ಬರೆಯಬೇಕಾದ ಸೂತ್ರ ಹೀಗಿದೆ:

```
=SUMIF('ಕಿರ್ದಿ'!B:B,A2,'ಕಿರ್ದಿ'!D:D)-SUMIF('ಕಿರ್ದಿ'!B:B,A2,'ಕಿರ್ದಿ'!E:E)
```

ಕಿರ್ದಿಯಲ್ಲಿ ಈ ಖಾತೆ ಸಂಖ್ಯೆಯುಳ್ಳ ಸಾಲುಗಳ ಉದ್ರಿಯನ್ನೆಲ್ಲ ಕೂಡಿಸಿ, ಅದರಿಂದ ಅದೇ ಸಂಖ್ಯೆಯ ಜಮಾವನ್ನೆಲ್ಲ ಕಳೆ ಎಂಬುದು ಇದರ ಅರ್ಥ. ಇದನ್ನು ಕೆಳಗಿನ ಮನೆಗಳಿಗೂ ಎಳೆದರೆ ಪ್ರತಿಯೊಬ್ಬರ ಬಾಕಿ ಸಿದ್ಧವಾಗುತ್ತದೆ.

ಹಾನಗಲ್ಲಿನ ಒಂದು ಕಲ್ಪಿತ ಅಂಗಡಿಯಲ್ಲಿ H07 ಎಂಬ ಖಾತೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಜೂನ್ 1ರಂದು ಹಳೆಯ ವಹಿಯಿಂದ ತಂದ ಬಾಕಿ 1,840 ರೂಪಾಯಿಯನ್ನು ಉದ್ರಿಯ ಸಾಲಾಗಿಯೇ ಬರೆಯಲಾಗುತ್ತದೆ. 5ರಂದು ಅಕ್ಕಿ ಎಣ್ಣೆಗೆ 620 ಉದ್ರಿ, 12ರಂದು 500 ಜಮಾ, 20ರಂದು ಬೇಳೆ ಬೆಲ್ಲಕ್ಕೆ 375 ಉದ್ರಿ. ಮರುದಿನ ಚೀಟಿ ನೋಡಿದಾಗ ಅದು 375 ಅಲ್ಲ, 357 ಎಂದು ತಿಳಿದರೆ, ಹಿಂದಿನ ಸಾಲನ್ನು ತಿದ್ದದೆ, 21ನೆಯ ತಾರೀಖಿಗೆ "20ರ ತಪ್ಪು ಸರಿಪಡಿಸಿದ್ದು" ಎಂಬ ವಿವರದೊಂದಿಗೆ 18 ರೂಪಾಯಿಯನ್ನು ಜಮಾ ಎಂದು ಬರೆಯಬೇಕು. ಆಗ ಉದ್ರಿಯ ಒಟ್ಟು 2,835, ಜಮಾದ ಒಟ್ಟು 518, ಬಾಕಿ 2,317. ಗಿರಾಕಿಯ ಮುಂದೆ ಈ ಐದು ಸಾಲುಗಳನ್ನು ಓದಿ ತೋರಿಸಬಹುದು, ತಿದ್ದುಪಡಿಯನ್ನೂ ಮುಚ್ಚಿಡಬೇಕಾಗಿಲ್ಲ.

ರಾತ್ರಿ ಅಂಗಡಿ ಮುಚ್ಚುವ ಮೊದಲು ನೋಡಬೇಕಾದ ತಾಳೆಯ ಮನೆ ಒಂದಿದೆ. ಗಿರಾಕಿ ಶೀಟಿನ E1 ನಲ್ಲಿ ಈ ಸೂತ್ರವನ್ನು ಇಟ್ಟರೆ ಅದು ಯಾವಾಗಲೂ 0 ತೋರಿಸಬೇಕು:

```
=SUM('ಕಿರ್ದಿ'!D:D)-SUM('ಕಿರ್ದಿ'!E:E)-SUM(C2:C500)
```

ತೋರಿಸದಿದ್ದರೆ, ಗಿರಾಕಿಗಳ ಪಟ್ಟಿಯಲ್ಲಿ ಇಲ್ಲದ ಖಾತೆ ಸಂಖ್ಯೆಯೊಂದು ಕಿರ್ದಿಯಲ್ಲಿ ಸೇರಿದೆ, ಇಲ್ಲವೆ ಒಂದೇ ಸಂಖ್ಯೆ ಪಟ್ಟಿಯಲ್ಲಿ ಎರಡು ಸಲ ಇದೆ ಎಂದು ತಿಳಿಯಬೇಕು. ಆದರೆ 0 ಬಂದ ಮಾತ್ರಕ್ಕೆ ಲೆಕ್ಕ ಸರಿಯೆಂದು ನಂಬುವಂತಿಲ್ಲ. ಒಬ್ಬನ ಉದ್ರಿಯನ್ನು ಪಟ್ಟಿಯಲ್ಲಿರುವ ಇನ್ನೊಬ್ಬನ ಖಾತೆಗೆ ಬರೆದರೆ ಒಟ್ಟು ಮೊತ್ತ ಬದಲಾಗದೆ ತಾಳೆ ಸರಿಯಾಗಿಯೇ ಕಾಣುತ್ತದೆ. "250 ರೂ" ಎಂದು ಅಕ್ಷರ ಸೇರಿಸಿ ಬರೆದ ಮೊತ್ತವನ್ನು ಶೀಟು ಅಂಕಿಯೆಂದು ಗಣಿಸದೆ ಎಲ್ಲ ಮೊತ್ತಗಳಿಂದಲೂ ಬಿಟ್ಟುಬಿಡುವುದರಿಂದ ಅದೂ ಸಿಕ್ಕುವುದಿಲ್ಲ. ಬೇರೆ ಹೊಂದಿಕೆ ಮಾಡದಿದ್ದಲ್ಲಿ ಅಂಕಿಗಳು ಮನೆಯ ಬಲಕ್ಕೂ ಅಕ್ಷರಗಳು ಎಡಕ್ಕೂ ನಿಲ್ಲುವುದರಿಂದ, ಉದ್ರಿ ಜಮಾಗಳ ಕಂಬಸಾಲಿನಲ್ಲಿ ಎಡಕ್ಕೆ ಅಂಟಿದ ಮೊತ್ತವನ್ನು ಕಣ್ಣಿನಿಂದಲೇ ಹಿಡಿಯಬಹುದು. ಮೊದಲನೆಯ ತಪ್ಪಿಗೆ ಮಾತ್ರ ಶೀಟಿನಲ್ಲಿ ಮದ್ದಿಲ್ಲ, ಗಿರಾಕಿಯ ಕೈಯಲ್ಲಿರುವ ಚೀಟಿಯೇ ಅದಕ್ಕೆ ಸಾಕ್ಷಿ. ಉದ್ರಿಗೆಂದೇ ಬಂದಿರುವ ಮೊಬೈಲ್ ಆ್ಯಪ್‌ಗಳ ಜಾಹೀರಾತು ಏನೇ ಹೇಳಲಿ, ತಪ್ಪು ಹೆಸರಿನ ಮೇಲೆ ಬೆರಳಿಟ್ಟರೆ ಅಲ್ಲಿಯೂ ಇದೇ ಗತಿ.

ಬಾಕಿಯ ಮೊತ್ತಕ್ಕಿಂತ ಅದರ ವಯಸ್ಸು ಕೆಲವೊಮ್ಮೆ ಮುಖ್ಯವಾಗುತ್ತದೆ. ಸೆಪ್ಟೆಂಬರಿನಲ್ಲಿ ಉಳಿದ ಐದು ಸಾವಿರ ಬೆಳೆಯನ್ನು ಕಾಯುತ್ತಿರುವ ಬಾಕಿ, ಫೆಬ್ರವರಿಯಲ್ಲಿ ಉಳಿದ ಐದು ಸಾವಿರ ಮಾಲು ಮಾರಿದ ಮೇಲೂ ಬಾರದ ಬಾಕಿ. ಇದನ್ನು ತಿಳಿಯಲು ಗಿರಾಕಿ ಶೀಟಿನ D2 ನಲ್ಲಿ ಕೊನೆಯ ಜಮಾದ ದಿನಾಂಕವನ್ನು ತರಿಸಬಹುದು:

```
=MAXIFS('ಕಿರ್ದಿ'!A:A,'ಕಿರ್ದಿ'!B:B,A2,'ಕಿರ್ದಿ'!E:E,">0")
```

ತಪ್ಪು ಸರಿಪಡಿಸಲು ಬರೆದ ಜಮಾವನ್ನೂ ಈ ಸೂತ್ರ ನಿಜವಾದ ಜಮಾ ಎಂದೇ ಎಣಿಸುತ್ತದೆ. ಅಂಥ ತಿದ್ದುಪಡಿಯನ್ನು ಉದ್ರಿಯ ಕಂಬಸಾಲಿನಲ್ಲಿ -18 ಎಂದು ಬರೆದರೆ ಬಾಕಿ ಅದೇ ಬರುತ್ತದೆ, ದಿನಾಂಕವೂ ಕೆಡುವುದಿಲ್ಲ.

ವಯಸ್ಸಿಗೆ ಕಾನೂನಿನ ಮಹತ್ವವೂ ಇದೆ. ಯಾವ ಬಾಬತ್ತಿಗೆ ಎಂದು ಇಬ್ಬರೂ ಹೇಳದೆ ಬಂದ ಜಮಾ ಹಣವು 1872ರ ಕರಾರು ಕಾಯಿದೆಯ 61ನೆಯ ಕಲಮಿನ ಪ್ರಕಾರ ಹಳೆಯ ಸಾಲಕ್ಕೆ ಮೊದಲು ಸಲ್ಲುತ್ತದೆ. ಗಡುವು ಗೊತ್ತುಮಾಡದೆ ಕೊಟ್ಟ ಮಾಲಿನ ಬೆಲೆಗೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯು ಮಾಲು ಕೊಟ್ಟ ದಿನದಿಂದ ಮೂರು ವರ್ಷದ ಅವಧಿ ನೀಡುತ್ತದೆ. ಕ್ರಮವಾಗಿ ಇಟ್ಟ ಲೆಕ್ಕದ ವಹಿ, ಅದು ಕಂಪ್ಯೂಟರಿನಲ್ಲಿದ್ದರೂ, ಸಾಕ್ಷ್ಯಕ್ಕೆ ಬರುತ್ತದೆಯಾದರೂ, ಅದೊಂದರ ಬಲದಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ಹಳೆಯ ಕಾಯಿದೆಯಂತೆಯೇ ಹೇಳುತ್ತದೆ. ಆದುದರಿಂದ ದೊಡ್ಡ ಬಾಕಿಯ ಖಾತೆಯನ್ನು ವರ್ಷಕ್ಕೊಮ್ಮೆ, ಬೇಕಾದರೆ ದೀಪಾವಳಿ ಪಾಡ್ಯದ ಖಾತೆ ಪೂಜೆಯ ಹೊತ್ತಿಗೆ, ಮುದ್ರಿಸಿ ಗಿರಾಕಿಯ ಸಹಿಯನ್ನು ದಿನಾಂಕದೊಂದಿಗೆ ಪಡೆಯಬೇಕು. ಮೂರು ವರ್ಷದೊಳಗೆ ಬಿದ್ದ ಅಂಥ ಸಹಿಯಿಂದ ಅವಧಿ ಹೊಸದಾಗಿ ಆರಂಭವಾಗುತ್ತದೆ, ಅವಧಿ ಮುಗಿದ ಮೇಲೆ ಬಿದ್ದ ಬರಿಯ ಒಪ್ಪಿಗೆಯ ಸಹಿಗೆ ಆ ಬಲವಿಲ್ಲ.