ಹಾಜರಿ ಕಮ್ಮಿಯಿದ್ದವಳ ಕವಿತೆ

ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಸಹಪಾಠಿಯ ಕವಿತೆಗೆ ಎಡೆ ಸಿಗುವುದು ಕಷ್ಟ. ಕುಲಾಧಿಪತಿಗಳ ಮೆರವಣಿಗೆ, ಚಿನ್ನದ ಪದಕ, ಅತಿಥಿಗಳ ಭಾಷಣದಲ್ಲೇ ಹೊತ್ತು ಮುಗಿಯುತ್ತದೆ. ಕಾಲೇಜುಗಳು ತಾವೇ ನಡೆಸುವ ಪದವಿ ಪ್ರದಾನ ದಿನದಲ್ಲಿ ಮಾತ್ರ ‘ವಿದ್ಯಾರ್ಥಿಗಳ ಪರವಾಗಿ ಎರಡು ಮಾತು’ ಎಂಬ ಸಣ್ಣ ಕಿಂಡಿಯೊಂದು ಇರುತ್ತದೆ. ನಾನು ಪಾಠ ಹೇಳುವ ಕಾಲೇಜಿನಲ್ಲಿ ಒಮ್ಮೆ ಆ ಕಿಂಡಿಯಲ್ಲಿ ಕವಿತೆ ನುಸುಳಿತು.

ಹುಡುಗಿ ತಂದಿದ್ದು ನಲವತ್ತೆಂಟು ಸಾಲು. ಶುರುವಾಗುವುದೇ ‘ಜ್ಞಾನದೇಗುಲ’ದಿಂದ. ಜೋರಾಗಿ ಓದಿಸಿದೆ, ಆರು ನಿಮಿಷ ಹಿಡಿಯಿತು. ಅವಳಿಗೇ ನಡುವೆ ಆಕಳಿಕೆ ಬಂತು. ಪುಟದಲ್ಲಿ ಓದುವವನು ಹಿಂದಿನ ಸಾಲಿಗೆ ಮರಳಬಹುದು, ಸಭೆಯಲ್ಲಿ ಕೂತವನಿಗೆ ಆ ಸವಲತ್ತಿಲ್ಲ. ಹಾಗಾಗಿ ಒಂದು ಸಾಲಿಗೆ ಒಂದೇ ಮಾತು, ಪ್ರಾಸ ಎರಡನೇ ಸಾಲಿನ ಕೊನೆಗೆ, ನಗುವೂ ಅಲ್ಲಿಗೇ. ಕತ್ತರಿಸುತ್ತ ಹೋಗಿ ಹದಿನಾರು ಸಾಲಿಗೆ ನಿಂತಳು. ದೇಗುಲ ಹೋಗಿ ಹಾಜರಿ ಪುಸ್ತಕ ಬಂತು:

ಎಪ್ಪತ್ತೈದು ಪರ್ಸೆಂಟ್ ಹಾಜರಿಗೆ ಎಷ್ಟು ಬೇಡಿದೆವು ಸಾರ್,
ಇವತ್ತು ನೋಡಿ, ಪ್ರಾಕ್ಸಿಯಿಲ್ಲದೆ ಇಡೀ ಕ್ಲಾಸೇ ಹಾಜರ್!

ಹಾಜರಿ ಕಮ್ಮಿಯಿದ್ದವರ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಅದಕ್ಕೇ ಆ ಸಾಲು ಒಪ್ಪಿತು. ಒಬ್ಬ ಮೇಷ್ಟ್ರ ಉಚ್ಚಾರಣೆಯನ್ನು ಅಣಕಿಸುವ ಸಾಲೂ ಇತ್ತು. ಹಿಂದಿನ ಬೆಂಚು ನಕ್ಕೀತು, ಮುಂದೆ ಕೂತ ಅವರ ಮುಖ ಬಾಡೀತು ಎಂದು ಅವಳೇ ಹೊಡೆದುಹಾಕಿದಳು.

ಕಷ್ಟವಾದದ್ದು ಭರವಸೆಯ ಭಾಗ. ‘ಆಗಸ ಮುಟ್ಟೋಣ’ ಎಂದು ಬರೆದಿದ್ದಳು. ಅದು ಯಾವ ಬ್ಯಾಚಿಗೂ ಹೊಂದುವ ಮಾತು. ಇವರಲ್ಲಿ ಅರ್ಧ ಜನಕ್ಕೆ ಕೆಲಸ ಸಿಕ್ಕಿರಲಿಲ್ಲ. ಎರಡು ದಿನ ಬಿಟ್ಟು ಬದಲಿಸಿ ತಂದಳು:

ಕೆಲಸದ ಪತ್ರ ಬರಲಿಲ್ಲವೆಂದು ಕುಗ್ಗಬೇಡಿ ಇಂದು,
ಬ್ಯಾಕ್‌ಲಾಗೂ ಪಾಸಾಯಿತಲ್ಲ, ಮೂರನೇ ಸಲ ಬಂದು!

ನಗೆ ಮತ್ತು ಧೈರ್ಯ ಎರಡೂ ಒಂದೇ ಸಾಲಿನಲ್ಲಿ ಕೂತವು. ಮೊದಲು ನಗಿಸಿ ಆಮೇಲೆ ಉಪದೇಶಕ್ಕೆ ಇಳಿದರೆ ಸಭೆ ಕೈಜಾರುತ್ತದೆ.

ಅಮೆರಿಕದ ಹಾರ್ವರ್ಡ್‌ನಲ್ಲಿ ಹೀಗೆ ಓದುವವರನ್ನು ‘ಕ್ಲಾಸ್ ಪೊಯೆಟ್’ ಎಂದೇ ಆರಿಸುತ್ತಿದ್ದರು. 1821ರಲ್ಲಿ ಆರು ಮಂದಿ ಒಲ್ಲೆನೆಂದ ಮೇಲೆ ಅದು ಎಮರ್ಸನ್ ಪಾಲಿಗೆ ಬಂತು. 1838ರಲ್ಲಿ ಆಯ್ಕೆಯಾದ ಜೇಮ್ಸ್ ರಸೆಲ್ ಲೋವೆಲ್, ಕಾಲೇಜಿನ ಕರ್ತವ್ಯಗಳನ್ನು ಕಡೆಗಣಿಸಿದ್ದಕ್ಕೆ ಕಾಂಕರ್ಡ್ ಎಂಬ ಊರಿಗೆ ಸಾಗಹಾಕಿಸಿಕೊಂಡ. ಕವಿತೆ ಅಚ್ಚಾಯಿತು, ವೇದಿಕೆಯಲ್ಲಿ ಓದುವ ಭಾಗ್ಯ ಅವನಿಗಿರಲಿಲ್ಲ. ನಮ್ಮ ಹುಡುಗಿ ಹೇಗೋ ಪಾರಾಗಿದ್ದಳು.

ಆ ದಿನ ಮೊದಲ ನಗುವಿಗೆ ಅವಳೇ ಗಾಬರಿಯಾಗಿ ಮುಂದಿನ ಸಾಲನ್ನು ಅದರೊಳಗೇ ಓದಿಬಿಟ್ಟಳು, ಯಾರಿಗೂ ಕೇಳಿಸಲಿಲ್ಲ. ಆಮೇಲೆ ಕಲಿತಳು, ಪ್ರತಿ ನಗುವಿಗೂ ಕಾದಳು. ಬ್ಯಾಕ್‌ಲಾಗಿನ ಸಾಲಿಗೆ ಅಪ್ಪಂದಿರೂ ನಕ್ಕರು. ಕೆಳಗಿಳಿದವಳು ನೇರ ಕೌಂಟರಿಗೆ ಓಡಿದಳು. ಬಾಡಿಗೆ ಗೌನನ್ನು ಐದು ಗಂಟೆಯೊಳಗೆ ವಾಪಸು ಕೊಡಬೇಕಿತ್ತು.