ಒಂದು ಪೆಸೊಗೆ ಒಂದು ಡಾಲರ್: ಗಟ್ಟಿ ದರ ಮುಚ್ಚಿಟ್ಟ ನಷ್ಟ

1991ರ ಏಪ್ರಿಲ್‌ನಲ್ಲಿ ಅರ್ಜೆಂಟೀನಾ ಒಂದು ಕಾನೂನು ತಂದಿತು. ಅದರ ಪ್ರಕಾರ ದೇಶದ ಹಣಕ್ಕೂ ಅಮೆರಿಕದ ಡಾಲರಿಗೂ ನಡುವಿನ ದರ ಇನ್ನು ಕದಲುವಂತಿರಲಿಲ್ಲ. ಮರುವರ್ಷ ಪೆಸೊ ಎಂಬ ಹೊಸ ನೋಟು ಬಂದ ಮೇಲೆ ಲೆಕ್ಕ ಇನ್ನೂ ಸರಳವಾಯಿತು: ಒಂದು ಪೆಸೊ ಕೊಟ್ಟರೆ ಒಂದು ಡಾಲರ್. ಕೇಂದ್ರ ಬ್ಯಾಂಕು ಮನಸ್ಸಿಗೆ ಬಂದಷ್ಟು ನೋಟು ಮುದ್ರಿಸುವ ಹಾಗಿರಲಿಲ್ಲ, ಚಲಾವಣೆಯಲ್ಲಿದ್ದ ಹಣಕ್ಕೆ ವಿದೇಶಿ ವಿನಿಮಯದ ಬೆಂಬಲ ಇರಲೇಬೇಕಿತ್ತು. ಅಧ್ಯಕ್ಷ ಕಾರ್ಲೋಸ್ ಮೆನೆಮ್, ಹಣಕಾಸಿನ ಹೊಣೆ ಹೊತ್ತವರು ಡೊಮಿಂಗೊ ಕವಾಲೊ. 1989ರಲ್ಲಿ ಅಲ್ಲಿನ ಹಣದುಬ್ಬರ ಶೇ 3,000 ದಾಟಿತ್ತು. ಬೆಳಿಗ್ಗೆಯ ಬೆಲೆ ಸಂಜೆಗೆ ಇರುತ್ತದೆಂಬ ನಂಬಿಕೆ ಕಳೆದುಕೊಂಡಿದ್ದ ಜನಕ್ಕೆ ಈ ಕಾನೂನು ದೊಡ್ಡ ನೆಮ್ಮದಿ ಕೊಟ್ಟಿತು. ಆ ನೆಮ್ಮದಿ ಸುಳ್ಳಾಗಿರಲಿಲ್ಲ. 1995ರ ಹೊತ್ತಿಗೆ ಹಣದುಬ್ಬರ ಶೇ 2ಕ್ಕಿಂತ ಕೆಳಗಿಳಿದಿತ್ತು.

ತೊಂದರೆ ಹುಟ್ಟಿದ್ದು ನಡುವಿನ ಮೂರು ನಾಲ್ಕು ವರ್ಷಗಳಲ್ಲಿ. ದರವನ್ನು ಒಂದೇ ದಿನದಲ್ಲಿ ಕಟ್ಟಿಹಾಕಬಹುದು, ಆದರೆ ಬೆಲೆಗಳು ಅಷ್ಟು ಬೇಗ ನಿಲ್ಲುವುದಿಲ್ಲ. ಬಾಡಿಗೆ, ಸಂಬಳ, ಶಾಲೆಯ ಶುಲ್ಕ, ಹೋಟೆಲ್ ಊಟ ಎಲ್ಲವೂ ಹಳೆಯ ಓಟದಲ್ಲೇ ಇನ್ನಷ್ಟು ದೂರ ಸಾಗಿ ನಿಂತವು. 1991ರ ಏಪ್ರಿಲ್‌ನಿಂದ 1994ರ ಕೊನೆಯವರೆಗೆ ಅರ್ಜೆಂಟೀನಾದ ಗ್ರಾಹಕ ಬೆಲೆಗಳು ಒಟ್ಟು ಶೇ 55ರಿಂದ 60ರಷ್ಟು ಏರಿದವು. ಅದೇ ಅವಧಿಯಲ್ಲಿ ಅಮೆರಿಕದಲ್ಲಿ ಏರಿದ್ದು ಸುಮಾರು ಶೇ 11. ವಿನಿಮಯ ದರದ ಫಲಕದಲ್ಲಿ ಮಾತ್ರ ಒಂದಕ್ಕೆ ಒಂದು ಎಂದೇ ಇತ್ತು.

ಇದರ ಅರ್ಥ ತಿಳಿಯಲು ಒಂದು ಚಪ್ಪಲಿ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಬ್ಯೂನಸ್ ಐರಿಸ್‌ನಲ್ಲಿ ಒಂದು ಜೊತೆ ಚರ್ಮದ ಬೂಟು ತಯಾರಿಸಲು ಆರಂಭದಲ್ಲಿ 20 ಪೆಸೊ ಖರ್ಚು, ಅಂದರೆ 20 ಡಾಲರ್. ಅಮೆರಿಕದ ಕಾರ್ಖಾನೆಗೂ ಅಷ್ಟೇ ಖರ್ಚು ಎಂದಿಟ್ಟುಕೊಳ್ಳಿ. ಇಬ್ಬರ ಖರ್ಚೂ ಅವರವರ ದೇಶದ ಸಾಮಾನ್ಯ ಬೆಲೆಗಳ ಜೊತೆಗೇ ಏರಿದರೆ ನಾಲ್ಕನೆಯ ವರ್ಷದ ಕೊನೆಗೆ ಅರ್ಜೆಂಟೀನಾದ ಬೂಟಿಗೆ ಸುಮಾರು 31.60 ಪೆಸೊ ಬೀಳುತ್ತದೆ. ದರ ಕದಲಿಲ್ಲವಾದ್ದರಿಂದ ಅದು 31.60 ಡಾಲರ್. ಅಮೆರಿಕದ ಬೂಟಿನ ಖರ್ಚು 22.20 ಡಾಲರ್. ಮೊದಲು ಸರಿಸಮನಾಗಿದ್ದ ಎರಡು ಬೂಟುಗಳಲ್ಲಿ ಒಂದು ಈಗ ಇನ್ನೊಂದಕ್ಕಿಂತ ಶೇ 42ರಷ್ಟು ದುಬಾರಿ.

ಫಲಕದಲ್ಲಿ ಕಾಣುವ ಒಂದಕ್ಕೆ ಒಂದು ಎಂಬುದು ನಾಮಮಾತ್ರ ವಿನಿಮಯ ದರ. ಬೂಟುಗಳ ನಡುವೆ ಹುಟ್ಟಿದ ಈ ಶೇ 42ರ ಅಂತರವನ್ನು ಹಿಡಿಯುವುದು ನೈಜ ವಿನಿಮಯ ದರ. ಲೆಕ್ಕ ಕಷ್ಟದ್ದಲ್ಲ: ನಮ್ಮ ಹಣದ ಒಂದು ಘಟಕಕ್ಕೆ ಎಷ್ಟು ವಿದೇಶಿ ಹಣ ಸಿಗುತ್ತದೆ ಎಂಬುದನ್ನು ನಮ್ಮ ಬೆಲೆ ಸೂಚ್ಯಂಕದಿಂದ ಗುಣಿಸಿ, ಹೊರದೇಶದ ಬೆಲೆ ಸೂಚ್ಯಂಕದಿಂದ ಭಾಗಿಸಬೇಕು. ಉತ್ತರ ಏರಿದರೆ ನಮ್ಮ ಸರಕು ಹೊರಗಿನವರ ಸರಕಿಗಿಂತ ದುಬಾರಿಯಾಗುತ್ತಿದೆ ಎಂದರ್ಥ. ಕರೆನ್ಸಿ ಫಲಕದಲ್ಲಿ ಒಂದು ಪೈಸೆ ಅಲುಗಾಡದಿದ್ದರೂ ಹೀಗಾಗಬಹುದು. ಫಲಕದಲ್ಲಿ ಅದು ಕುಸಿಯುತ್ತಿರುವಾಗಲೂ ಆಗಬಹುದು.

ಇಷ್ಟು ದೊಡ್ಡ ಅಂತರ ಬೆಳೆಯುವಾಗ ಅರ್ಜೆಂಟೀನಾದವರಿಗೆ ಕಾಣಲಿಲ್ಲವೇ? ಕೆಲವರಿಗೆ ಕಂಡಿತ್ತು. ಆದರೆ ಗಟ್ಟಿ ಪೆಸೊ ಅದನ್ನು ಹಲವು ರೀತಿಯಲ್ಲಿ ಮರೆಮಾಚಿತು. ಮೊದಲನೆಯದಾಗಿ, ದೇಶದ ಆದಾಯವನ್ನು ಡಾಲರಿನಲ್ಲಿ ಅಳೆದಾಗಲೆಲ್ಲ ಅದು ಉಬ್ಬಿ ಕಾಣುತ್ತಿತ್ತು. 1998ರಲ್ಲಿ ಅರ್ಜೆಂಟೀನಾದ ಒಟ್ಟು ಆಂತರಿಕ ಉತ್ಪನ್ನ ಸುಮಾರು 30,000 ಕೋಟಿ ಡಾಲರ್. ಪೆಸೊ ಕುಸಿದ 2002ರಲ್ಲಿ ಅದೇ ಸಂಖ್ಯೆ 10,000 ಕೋಟಿಗೂ ಕಡಿಮೆ. ಆ ನಾಲ್ಕು ವರ್ಷಗಳಲ್ಲಿ ಉತ್ಪಾದನೆ ನಿಜವಾಗಿ ಇಳಿದದ್ದು ಐದರಲ್ಲೊಂದು ಪಾಲಿನ ಆಸುಪಾಸು. ಉಳಿದ ಇಳಿಕೆಯೆಲ್ಲ ವಿನಿಮಯ ದರದ್ದು. ಸಂಬಳವನ್ನು ಡಾಲರಿಗೆ ತಿರುಗಿಸಿ ನೋಡಿದ ಮಧ್ಯಮ ವರ್ಗಕ್ಕೆ ತಾನು ಶ್ರೀಮಂತವಾಗಿದ್ದೇನೆ ಅನಿಸಿತು. ವಿದೇಶ ಪ್ರವಾಸ ಅಗ್ಗವಾಯಿತು, ಆಮದಾದ ಟೀವಿ ಅಗ್ಗವಾಯಿತು. ಊರಿನ ಕಾರ್ಖಾನೆಯಲ್ಲಿ ಕೆಲಸ ಹೋದವನ ಲೆಕ್ಕ ಮಾತ್ರ ಬೇರೆ ಸಾಲಿನಲ್ಲಿತ್ತು: 1995ರ ಮೇ ತಿಂಗಳಲ್ಲಿ ನಿರುದ್ಯೋಗ ಶೇ 18 ದಾಟಿತು.

ರಫ್ತಿನ ಅಂಕಿಯೂ ಮೋಸ ಮಾಡಿತು. 1990ರಲ್ಲಿ ಸುಮಾರು 1,200 ಕೋಟಿ ಡಾಲರ್ ಇದ್ದ ರಫ್ತು 1997ಕ್ಕೆ 2,600 ಕೋಟಿ ದಾಟಿತ್ತು. ಇದನ್ನು ನೋಡಿದವರು ಪೈಪೋಟಿ ಶಕ್ತಿ ಎಲ್ಲಿ ಹೋಯಿತು ಎಂದು ಕೇಳುವುದು ಸಹಜ. ಆದರೆ ಪಕ್ಕದಲ್ಲೇ ಆಮದಿನ ಅಂಕಿಯನ್ನು ಇಟ್ಟು ನೋಡಬೇಕು. 1990ರಲ್ಲಿ ಸುಮಾರು 400 ಕೋಟಿ ಡಾಲರ್ ಇದ್ದ ಆಮದು 1994ಕ್ಕೆ 2,100 ಕೋಟಿ ದಾಟಿ, 800 ಕೋಟಿಯ ವ್ಯಾಪಾರ ಮಿಗತೆ ಕೊರತೆಯಾಗಿ ಬದಲಾಗಿತ್ತು. ಆ ಕೊರತೆ ತುಂಬಿದ್ದು ಹೊರಗಿನ ಸಾಲ ಮತ್ತು ಟೆಲಿಫೋನ್, ವಿಮಾನಯಾನ, ತೈಲದಂಥ ಸರ್ಕಾರಿ ಕಂಪನಿಗಳನ್ನು ಮಾರಿ ಬಂದ ಹಣ. ಡಾಲರ್ ಒಳಗೆ ಬರುತ್ತಿದ್ದಷ್ಟು ಕಾಲ ದರಕ್ಕೆ ಧಕ್ಕೆ ಇರಲಿಲ್ಲ. ಅದು ಸರಕು ಮಾರಿ ಬಂದ ಡಾಲರೋ ಸಾಲದ ಡಾಲರೋ ಎಂದು ದರ ಹೇಳುವುದಿಲ್ಲ.

ಇನ್ನೊಂದು ಮರೆ ನೆರೆಮನೆಯ ಬ್ರೆಜಿಲ್. 1994ರಲ್ಲಿ ಅಲ್ಲಿಯೂ ರಿಯಲ್ ಎಂಬ ಹೊಸ ಹಣ ಬಂತು, ಅದೂ ಗಟ್ಟಿಯಾಗಿ ನಿಂತಿತು, ಅಲ್ಲಿಯ ಬೆಲೆಗಳೂ ಏರಿದವು. ಬ್ರೆಜಿಲ್ ದುಬಾರಿಯಾದಾಗ ಅರ್ಜೆಂಟೀನಾದ ಗೋಧಿ, ಹಾಲಿನ ಪುಡಿ, ಕಾರುಗಳಿಗೆ ಅಲ್ಲಿ ಗಿರಾಕಿ ಸಿಕ್ಕಿತು. ಒಟ್ಟು ರಫ್ತಿನ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಬ್ರೆಜಿಲ್‌ಗೇ ಹೋಗತೊಡಗಿತು. ಅಮೆರಿಕಕ್ಕೆ ಹೋಗುತ್ತಿದ್ದದ್ದು ಹತ್ತರಲ್ಲೊಂದು ಪಾಲಿನಷ್ಟು. ನನ್ನ ಮಟ್ಟಿಗೆ ಇಡೀ ಕತೆಯ ಕೇಂದ್ರ ಇಲ್ಲಿದೆ: ದೇಶ ತನ್ನ ಹಣವನ್ನು ಕಟ್ಟಿಹಾಕಿದ್ದು ಅಮೆರಿಕಕ್ಕೆ, ಸರಕು ಮಾರುತ್ತಿದ್ದದ್ದು ಬ್ರೆಜಿಲ್ಲಿಗೆ ಮತ್ತು ಯುರೋಪಿಗೆ. ಡಾಲರಿನ ಎದುರು ಒಂದೇ ದರವನ್ನು ನೋಡುತ್ತ ಕೂತರೆ ಈ ಎಡವಟ್ಟು ಕಾಣುವುದಿಲ್ಲ. ಆದ್ದರಿಂದಲೇ ಕೇಂದ್ರ ಬ್ಯಾಂಕುಗಳು ಯಾವ ದೇಶದ ಜೊತೆ ಎಷ್ಟು ವ್ಯಾಪಾರವಿದೆಯೋ ಅಷ್ಟೇ ತೂಕ ಕೊಟ್ಟು ಹಲವು ಕರೆನ್ಸಿಗಳ ಸರಾಸರಿ ತೆಗೆಯುತ್ತವೆ. ಅದಕ್ಕೆ ಬೆಲೆಗಳ ಲೆಕ್ಕವನ್ನೂ ಸೇರಿಸಿದಾಗ ಸಿಗುವುದು ನೈಜ ಪರಿಣಾಮಕಾರಿ ವಿನಿಮಯ ದರ.

1999ರ ಜನವರಿಯಲ್ಲಿ ಬ್ರೆಜಿಲ್ ತನ್ನ ರಿಯಲ್‌ನ ಕಟ್ಟು ಬಿಚ್ಚಿತು. ಡಾಲರಿಗೆ 1.21 ಇದ್ದದ್ದು ಆ ವರ್ಷದ ಕೊನೆಗೆ 1.80ರ ಹತ್ತಿರ ಬಂತು. ಬೂಟಿನ ಲೆಕ್ಕಕ್ಕೆ ಮರಳಿದರೆ, ಬ್ರೆಜಿಲ್‌ನಲ್ಲಿ 24.20 ರಿಯಲ್ ಖರ್ಚಿನ ಬೂಟು ಮೊದಲು 20 ಡಾಲರ್ ಆಗುತ್ತಿತ್ತು. ವರ್ಷದಲ್ಲಿ ಅಲ್ಲಿಯ ಬೆಲೆಗಳು ಶೇ 9ರಷ್ಟು ಏರಿ ಖರ್ಚು 26.40 ರಿಯಲ್ ಆದರೂ ಡಾಲರಿನಲ್ಲಿ ಅದು 14.70ಕ್ಕೆ ಇಳಿಯಿತು. ಅರ್ಜೆಂಟೀನಾದ ಬೂಟಿನ ಬೆಲೆ ಇದ್ದಲ್ಲೇ ಇತ್ತು. ಬ್ರೆಜಿಲ್ ಬೂಟುಗಳ ಮೇಲೆ ಆಮದು ನಿರ್ಬಂಧ ಹೇರಬೇಕಾದ ಸ್ಥಿತಿಗೆ ಅರ್ಜೆಂಟೀನಾ ಆ ವರ್ಷವೇ ಬಂತು, ಎರಡು ನೆರೆ ದೇಶಗಳ ನಡುವೆ ಜಗಳ ಹತ್ತಿತು. ಇದರ ಜೊತೆಗೆ ಹೊಸದಾಗಿ ಹುಟ್ಟಿದ್ದ ಯೂರೊ 1.18 ಡಾಲರಿನಿಂದ 2000ದ ಅಕ್ಟೋಬರ್ ಹೊತ್ತಿಗೆ 0.82ರ ಸಮೀಪಕ್ಕೆ ಕುಸಿಯಿತು. ಡಾಲರ್ ಬಲಗೊಂಡಷ್ಟೂ ಪೆಸೊ ಬಯಸದೆಯೇ ಬಲಗೊಂಡಿತು.

ಬ್ರೆಜಿಲ್‌ನ ಆ ಇಳಿಕೆಯ ಬಿಸಿ ನಮ್ಮ ಮಲೆನಾಡಿಗೂ ತಟ್ಟುವಂಥದ್ದು. ಅರೇಬಿಕಾ ಕಾಫಿಯ ಬೆಲೆ ನಿಗದಿಯಾಗುವುದು ನ್ಯೂಯಾರ್ಕ್‌ನಲ್ಲಿ, ಡಾಲರಿನಲ್ಲಿ. ರಿಯಲ್ ಇಳಿದರೆ ಬ್ರೆಜಿಲ್‌ನ ಬೆಳೆಗಾರನಿಗೆ ಅದೇ ಡಾಲರಿಗೆ ಹೆಚ್ಚು ರಿಯಲ್ ಸಿಗುತ್ತದೆ, ಕಡಿಮೆ ಡಾಲರಿಗೂ ಮಾರಲು ಆತ ಸಿದ್ಧನಾಗುತ್ತಾನೆ. ಚಿಕ್ಕಮಗಳೂರು, ಕೊಡಗಿನ ಬೆಳೆಗಾರ ರೂಪಾಯಿ–ಡಾಲರ್ ದರವನ್ನಷ್ಟೇ ನೋಡಿದರೆ ಬೆಲೆ ಏಕೆ ಬಿತ್ತೆಂದು ಅರ್ಧವಷ್ಟೇ ತಿಳಿಯುತ್ತದೆ.

ದರವನ್ನು ಮುಟ್ಟದೆ ಪೈಪೋಟಿ ಶಕ್ತಿ ಮರಳಿ ಪಡೆಯಲು ಒಂದೇ ದಾರಿ: ಒಳಗಿನ ಬೆಲೆ ಮತ್ತು ಸಂಬಳ ಇಳಿಯಬೇಕು. ಅರ್ಜೆಂಟೀನಾ ಅದನ್ನೂ ಮಾಡಿ ನೋಡಿತು. 1999ರಿಂದ ಮೂರು ವರ್ಷ ಬೆಲೆಗಳು ಇಳಿದವು, ಆದರೆ ವರ್ಷಕ್ಕೆ ಶೇ 1–2ರ ಆಸುಪಾಸಿನಲ್ಲಿ ಮಾತ್ರ. 2001ರ ಜುಲೈಯಲ್ಲಿ ಸರ್ಕಾರಿ ನೌಕರರ ಸಂಬಳ ಮತ್ತು ಪಿಂಚಣಿಗೆ ಶೇ 13ರಷ್ಟು ಕತ್ತರಿ ಬಿತ್ತು. ಬೆಲೆ ಇಳಿದರೂ ಸಾಲ ಇಳಿಯುವುದಿಲ್ಲ, ಆದ್ದರಿಂದ ಸಾಲಗಾರರ ಹೊರೆ ಇನ್ನೂ ಭಾರವಾಯಿತು. ಡಿಸೆಂಬರ್‌ನಲ್ಲಿ ಬ್ಯಾಂಕ್ ಖಾತೆಗಳಿಂದ ಹಣ ತೆಗೆಯಲು ಮಿತಿ ಹೇರಲಾಯಿತು, ಜನ ಬೀದಿಗಿಳಿದರು, ಸರ್ಕಾರ ಬಿತ್ತು. 2002ರ ಜನವರಿಯಲ್ಲಿ ಒಂದಕ್ಕೆ ಒಂದು ಕೊನೆಗೊಂಡಿತು. ವರ್ಷದ ಕೊನೆಗೆ ಡಾಲರಿಗೆ ಮೂರು ಪೆಸೊಗೂ ಹೆಚ್ಚು ಕೊಡಬೇಕಾಯಿತು, ಒಳಗಿನ ಬೆಲೆಗಳು ಏರಿದ್ದು ಶೇ 41. ನೈಜ ದರ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಮರುವರ್ಷವೇ ಉತ್ಪಾದನೆ ಚೇತರಿಸಿತು ನಿಜ, ಆದರೆ ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಡತನದ ರೇಖೆಯ ಕೆಳಗಿದ್ದರು.

ನೈಜ ದರ ಏರಿದಾಗಲೆಲ್ಲ ಅಪಾಯ ಎನ್ನಲಾಗದು. ಕಾರ್ಖಾನೆ ಅದೇ ಸಂಬಳದ ಖರ್ಚಿನಲ್ಲಿ ಮೊದಲಿಗಿಂತ ಹೆಚ್ಚು ಬೂಟು ತಯಾರಿಸುತ್ತಿದ್ದರೆ ದುಬಾರಿ ಕರೆನ್ಸಿಯನ್ನು ತಾಳಿಕೊಳ್ಳಬಲ್ಲದು. ಕವಾಲೊ ಪರ ವಾದಿಸಿದವರು ಹೇಳುತ್ತಿದ್ದದ್ದೂ ಇದನ್ನೇ, ಮತ್ತು 90ರ ದಶಕದ ಮೊದಲರ್ಧದಲ್ಲಿ ಅಲ್ಲಿ ಉತ್ಪಾದಕತೆ ನಿಜವಾಗಿಯೂ ಹೆಚ್ಚಿತ್ತು. ಯಾವ ಬೆಲೆ ಸೂಚ್ಯಂಕ ಬಳಸುತ್ತೇವೆ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ: ಗ್ರಾಹಕ ಬೆಲೆಯಲ್ಲಿ ಬಾಡಿಗೆ, ವೈದ್ಯರ ಶುಲ್ಕ ಎಲ್ಲ ಸೇರಿರುವುದರಿಂದ ಅದು ಅಂತರವನ್ನು ಹಿಗ್ಗಿಸಿ ತೋರಿಸಬಹುದು, ಸಗಟು ಬೆಲೆ ಕಡಿಮೆ ತೋರಿಸುತ್ತದೆ. ಆದ್ದರಿಂದ ಒಂದು ಸಂಖ್ಯೆಯನ್ನು ನಂಬಿ ಕೂರದೆ, ಮಾರಾಟವಾದ ಸರಕಿನ ಪ್ರಮಾಣ, ವ್ಯಾಪಾರ ಕೊರತೆ ಮತ್ತು ಅದನ್ನು ತುಂಬುತ್ತಿರುವ ಹಣ ಎಲ್ಲಿಯದು ಎಂಬುದನ್ನು ಜೊತೆಗೆ ನೋಡಬೇಕು.

ನಮ್ಮ ರಿಸರ್ವ್ ಬ್ಯಾಂಕು ರೂಪಾಯಿಯ ಇಂಥ ನೈಜ ದರವನ್ನು 40 ಕರೆನ್ಸಿಗಳ ಎದುರು ಲೆಕ್ಕ ಹಾಕಿ ತನ್ನ ಮಾಸಿಕ ಬುಲೆಟಿನ್‌ನಲ್ಲಿ ಪ್ರಕಟಿಸುತ್ತದೆ, 2015–16ನೇ ಸಾಲಿಗೆ 100 ಎಂದಿಟ್ಟು. 2024ರ ನವೆಂಬರ್‌ನಲ್ಲಿ ಡಾಲರ್ 84 ರೂಪಾಯಿ ದಾಟಿ, ರೂಪಾಯಿ ದಾಖಲೆ ಮಟ್ಟಕ್ಕೆ ಕುಸಿಯಿತೆಂದು ಪತ್ರಿಕೆಗಳು ಬರೆದವು. ಅದೇ ತಿಂಗಳು ಈ ಸೂಚ್ಯಂಕ 108ರಲ್ಲಿತ್ತು. ನಮ್ಮ ರಫ್ತುದಾರರ ಪಾಲಿಗೆ ರೂಪಾಯಿ ಆಗ ಅಗ್ಗವಾಗಿರಲಿಲ್ಲ, ದುಬಾರಿಯಾಗಿತ್ತು.